ಪ್ರತ್ಯಯ ಬರಹದ್ದು, ಪದ ಮಾತಿನದು: ಪುಣೆಯಲ್ಲಿ ಕನ್ನಡ ಸೂಚನೆ ಬರೆಯುವ ಬಗೆ

ಪುಣೆಯಲ್ಲಿ ಗುರುವಾರ ನೀರು ಬಂದ್ ಆಗುವುದು ಹೊಸದಲ್ಲ. ಪಂಪು, ಪೈಪುಗಳ ದುರಸ್ತಿಗೆ ಮಹಾನಗರಪಾಲಿಕೆ ಹೆಚ್ಚಾಗಿ ಆರಿಸಿಕೊಳ್ಳುವ ದಿನ ಅದು. ಮರಾಠಿ ಪತ್ರಿಕೆಯಲ್ಲಿ ಪ್ರಕಟಣೆ ಕಂಡ ಯಾರಾದರೊಬ್ಬರು ತಮ್ಮ ಕಡೆಯ ಕನ್ನಡದವರ ವಾಟ್ಸಾಪ್ ಗುಂಪಿಗೆ ಎರಡು ಸಾಲು ಹಾಕೋಣವೆಂದು ಕೂರುತ್ತಾರೆ. ಕಷ್ಟ ಶುರುವಾಗುವುದು ಅಲ್ಲಿಂದ. ವಿಜಯಪುರದವರು ಬರೆದರೆ ಅದು “ನಾಳೆ ನೀರ ಬರಂಗಿಲ್ರಿ” ಎಂದಾಗುತ್ತದೆ. ಬೆಂಗಳೂರಿನವರಾದರೆ “ನಾಳೆ ನೀರು ಬರಲ್ಲ”. ಮಂಗಳೂರು ಕಡೆಯವರು “ನಾಳೆ ನೀರು ಇಲ್ಲ ಅಂತೆ” ಎನ್ನುತ್ತಾರೆ. ಇದ್ಯಾವುದೂ ಬರಹಕ್ಕೆ ಒಪ್ಪುವುದಿಲ್ಲ ಎನಿಸಿದವರು “ನಾಳಿನ ದಿನ ಜಲ ಸರಬರಾಜು ಸ್ಥಗಿತಗೊಳ್ಳಲಿರುವುದರಿಂದ ಸರ್ವರೂ ಸಹಕರಿಸತಕ್ಕದ್ದು” ಎಂದು ಬರೆದು, ತಾವೇ ಎರಡು ಸಲ ಓದಿಕೊಂಡು, ಅಳಿಸಿ, ಕೊನೆಗೆ ಪ್ರಕಟಣೆಯ ಫೋಟೊ ಕಳಿಸಿ ಸುಮ್ಮನಾಗುತ್ತಾರೆ.

ಮಾತಾಡುವ ಕನ್ನಡ ಒಂದು, ಬರೆಯುವ ಕನ್ನಡ ಇನ್ನೊಂದು ಎಂಬುದು ಎಲ್ಲ ಊರಿನಲ್ಲೂ ಇರುವ ತೊಡಕೇ. ಆದರೆ ಪುಣೆಯಲ್ಲಿ ಅದು ಇಮ್ಮಡಿಯಾಗುತ್ತದೆ. ಧಾರವಾಡದಲ್ಲಿ ಬರೆದ ಸೂಚನೆಯನ್ನು ಓದುವವರು ಹೆಚ್ಚಾಗಿ ಧಾರವಾಡದ ಮಾತಿನವರೇ, ಮೈಸೂರಿನಲ್ಲೂ ಹಾಗೆಯೇ. ಪುಣೆಯ ಒಂದು ಗುಂಪಿನಲ್ಲಿ ಕಲಬುರಗಿ, ವಿಜಯಪುರದಿಂದ ಕಟ್ಟಡದ ಕೆಲಸಕ್ಕೆ ಬಂದವರು, ಉಡುಪಿ ಕಡೆಯ ಹೋಟೆಲಿನವರು, ಹಿಂಜವಡಿಯ ಕಂಪನಿಗಳಿಗೆ ಬಂದ ಬೆಂಗಳೂರು, ಮೈಸೂರಿನವರು, ಸೊಲ್ಲಾಪುರ, ಅಕ್ಕಲಕೋಟೆಯ ಗಡಿ ಕನ್ನಡಿಗರು ಎಲ್ಲ ಒಟ್ಟಿಗೆ ಇರುತ್ತಾರೆ. ಅವರ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದುವುದು ಮರಾಠಿ. ಒಬ್ಬರ ಬಾಯಿಮಾತು ಇನ್ನೊಬ್ಬರಿಗೆ ಎದುರು ಕೂತು ಕೇಳಿದರೆ ತಿಳಿಯುತ್ತದೆ. ಹಾಳೆಯ ಮೇಲೆ ಬಿದ್ದರೆ ಕೆಲವೊಮ್ಮೆ ಬೇರೆ ಅರ್ಥವನ್ನೇ ಕೊಡುತ್ತದೆ.

ಈ ವಿಷಯಕ್ಕೂ ಪುಣೆಗೂ ಹಳೆಯ ನಂಟಿದೆ. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಬ್ರೈಟ್ ಆಡುಗನ್ನಡದ ರಚನೆಯ ಬಗ್ಗೆ ಬರೆದ ಪುಸ್ತಕವನ್ನು 1958ರಲ್ಲಿ ಪ್ರಕಟಿಸಿದ್ದು ಪುಣೆಯ ಡೆಕ್ಕನ್ ಕಾಲೇಜು. ಮುಂದೆ ನಂಜನಗೂಡಿನ ಕನ್ನಡ, ಕಲಬುರಗಿಯ ಕನ್ನಡ, ಹವ್ಯಕ ಕನ್ನಡಗಳ ಮೇಲೂ ಅದೇ ಸಂಸ್ಥೆ ಬೇರೆ ಬೇರೆ ಪುಸ್ತಕ ತಂದಿತು. ಆಡುಮಾತು ಎಂದರೆ ಬರಹದ ಕೆಟ್ಟ ರೂಪವಲ್ಲ, ಅದಕ್ಕೆ ತನ್ನದೇ ನಿಯಮಗಳಿವೆ ಎಂಬುದು ಈ ಕೆಲಸಗಳಿಂದ ಸ್ಪಷ್ಟವಾಗುತ್ತದೆ. ಸೂಚನೆ ಬರೆಯುವವರಿಗೆ ಬೇಕಾದ ಸಿದ್ಧಾಂತ ಇಷ್ಟೇ. ಉಳಿದದ್ದು ಕೈಕೆಲಸ.

ಬರಹದ ರೂಪ ಯಾಕೆ ಎಲ್ಲರಿಗೂ ಹೊಂದುತ್ತದೆ

“ಬರುತ್ತಾರೆ” ಎಂಬ ಪದವನ್ನು ನೋಡಿ. ಹೀಗೆ ಪೂರ್ತಿಯಾಗಿ ಉಚ್ಚರಿಸಿ ಮಾತಾಡುವವರು ಕಡಿಮೆ. ದಕ್ಷಿಣದವರು ನಡುವಿನ ಉಕಾರ ಬಿಟ್ಟು “ಬರ್ತಾರೆ” ಎನ್ನುತ್ತಾರೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ “ಬರ್ತಾವ್ರೆ” ಕೇಳುತ್ತದೆ. ಉತ್ತರದವರು ಕೊನೆಯ ಎಕಾರವನ್ನೂ ಬದಲಿಸಿ “ಬರ್ತಾರ” ಎನ್ನುತ್ತಾರೆ. ಪದದ ನಡುವಿನ ಹ್ರಸ್ವ ಸ್ವರ ಬೀಳುವುದು ಎಲ್ಲ ಕಡೆಯ ಮಾತಿನಲ್ಲೂ ಇದೆ. ಏನು ಬೀಳುತ್ತದೆ, ಉಳಿದದ್ದು ಏನಾಗುತ್ತದೆ ಎಂಬುದಷ್ಟೇ ಊರಿನಿಂದ ಊರಿಗೆ ಬೇರೆ. ಬರಹದಲ್ಲಿ ಆ ಸ್ವರಗಳೆಲ್ಲ ಇರುತ್ತವೆ. ಹಾಗಾಗಿ “ಬರುತ್ತಾರೆ” ಎಂದು ಓದಿದ ಪ್ರತಿಯೊಬ್ಬರೂ ತಮ್ಮ ಊರಿನ ರೀತಿಯಲ್ಲಿ ಅದನ್ನು ತಾವೇ ಇಳಿಸಿಕೊಳ್ಳುತ್ತಾರೆ. ಅಜ್ಜಿಗೆ ಓದಿ ಹೇಳುವಾಗ ಮೊಮ್ಮಗಳು ಕಾಗದದಲ್ಲಿ “ಬರುತ್ತಾರೆ” ಎಂದಿರುವುದನ್ನು ಯೋಚನೆಯೇ ಇಲ್ಲದೆ “ಬರ್ತಾರಂತ” ಎಂದುಬಿಡುತ್ತಾಳೆ. ಬರಹದಿಂದ ತನ್ನ ಮಾತಿಗೆ ಬರುವ ಈ ದಾರಿ ಶಾಲೆಗೆ ಹೋದ ಎಲ್ಲರಿಗೂ ಗೊತ್ತು. ಇನ್ನೊಂದು ಊರಿನ ಮಾತಿನಿಂದ ತನ್ನ ಊರಿನ ಮಾತಿಗೆ ಬರುವ ದಾರಿಯನ್ನು ಯಾವ ಶಾಲೆಯೂ ಕಲಿಸುವುದಿಲ್ಲ.

ಕಣ್ಣಿಗೆ ಸಂಬಂಧಿಸಿದ ಕಾರಣವೂ ಒಂದಿದೆ. ಸ್ವರ ಬಿದ್ದಾಗ ವ್ಯಂಜನಗಳು ಒಂದರ ಮೇಲೊಂದು ಕೂರುತ್ತವೆ. “ಕರ್ಕೊಂಡ್ಬರ್ಬೇಕು” ಎಂದು ಬರೆದರೆ ಒಂದೇ ಪದದಲ್ಲಿ ಅರ್ಕಾವತ್ತು, ಒತ್ತಕ್ಷರಗಳ ಸಾಲು. “ಕರೆದುಕೊಂಡು ಬರಬೇಕು” ಉದ್ದವಾಗುತ್ತದೆ ನಿಜ, ಆದರೆ ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ಅದನ್ನು ನಡೆಯುತ್ತಲೇ ಓದಬಹುದು. ಕನ್ನಡ ನಿಧಾನವಾಗಿ ಕೂಡಿಸಿ ಓದುವ ಮಕ್ಕಳಿಗಂತೂ ಎರಡನೆಯದೇ ಸುಲಭ.

ಹಾಗೆಂದು ಬರಹದ ಕನ್ನಡವನ್ನು ಇಡಿಯಾಗಿ ತೆಗೆದುಕೊಳ್ಳಬೇಕಾಗಿಲ್ಲ. ಮೇಲಿನ ಜಲ ಸರಬರಾಜಿನ ವಾಕ್ಯ ಕೆಟ್ಟದ್ದು ಪ್ರತ್ಯಯಗಳಿಂದಲ್ಲ. ಪದಗಳಿಂದ ಮತ್ತು ಅವುಗಳನ್ನು ಜೋಡಿಸಿದ ಕ್ರಮದಿಂದ. “ನೀರು” ಎಂಬ ಪದ ಬರಹಕ್ಕೂ ಸಲ್ಲುತ್ತದೆ, ಮಾತಿಗೂ ಸಲ್ಲುತ್ತದೆ. “ಬರುವುದಿಲ್ಲ” ಎಂಬುದು ಬರಹದ ಪೂರ್ಣ ರೂಪ. ಎರಡನ್ನೂ ಸೇರಿಸಿದರೆ “ಗುರುವಾರ ನೀರು ಬರುವುದಿಲ್ಲ”. ಸೂಚನೆಯ ಕನ್ನಡ ಎಂದರೆ ಇದು: ಪದದ ಕೊನೆ ಪುಸ್ತಕದ್ದು, ಪದ ಮನೆಯದು, ಹೇಳುವ ಕ್ರಮ ಮಾತಿನದು.

ಬರೆಯುವ ಕ್ರಮ

1. ಮೊದಲು ಬಾಯಲ್ಲಿ ಹೇಳಿ, ಅದೇ ಕ್ರಮದಲ್ಲಿ ಬರೆಯಿರಿ. ಮಾತಿನಲ್ಲಿ ಜನ ಸುದ್ದಿಯನ್ನು ಮುಂದಿಡುತ್ತಾರೆ: “ನಾಳೆ ಮೀಟಿಂಗ್ ಇಲ್ಲ, ಹಾಲ್ ಸಿಗಲಿಲ್ಲ.” ಬರೆಯಲು ಕೂತರೆ ಅದೇ ಜನ ಕಾರಣದಿಂದ ಶುರುಮಾಡುತ್ತಾರೆ: “ಅನಿವಾರ್ಯ ಕಾರಣಗಳಿಂದ ಸಭಾಂಗಣವು ಲಭ್ಯವಾಗದೇ ಇರುವುದರಿಂದ ನಾಳೆ ನಡೆಯಬೇಕಾಗಿದ್ದ ಸಭೆಯನ್ನು…” ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ವಾಕ್ಯ ಉದ್ದವಾದಷ್ಟೂ ಸಭೆ ಇದೆಯೋ ಇಲ್ಲವೋ ಎಂಬುದು ದೂರ ಹೋಗುತ್ತದೆ. ಫೋನಿನ ಪರದೆಯಲ್ಲಿ ಮೊದಲೆರಡು ಸಾಲು ಮಾತ್ರ ಕಾಣುವಾಗ ಮುಖ್ಯ ಸಂಗತಿ ಮರೆಯಲ್ಲೇ ಉಳಿಯುತ್ತದೆ. ಆದ್ದರಿಂದ ಒಂದೊಂದು ಸಂಗತಿಗೆ ಒಂದೊಂದು ಚಿಕ್ಕ ವಾಕ್ಯ.

2. ಈಗ ಪ್ರತಿ ಕ್ರಿಯಾಪದದ ಕೊನೆಯನ್ನು ಬಿಡಿಸಿ ಪೂರ್ತಿ ಮಾಡಿ. “ಆಗ್ತೈತಿ”, “ಆಗ್ತದ”, “ಆಗುತ್ತೆ” ಎಲ್ಲವೂ “ಆಗುತ್ತದೆ”. “ಮಾಡ್ಬೇಕು” ಎಂಬುದು “ಮಾಡಬೇಕು”. “ಬ್ಯಾಡ್ರಿ” ಎಂಬುದು “ಬೇಡಿ”. ನಾಮಪದಕ್ಕೂ ಹೀಗೆಯೇ: “ಮನ್ಯಾಗ”, “ಮನೇಲಿ” ಎರಡೂ “ಮನೆಯಲ್ಲಿ”, “ಅವಂಗೆ”, “ಅವ್ನಿಗೆ” ಎರಡೂ “ಅವನಿಗೆ”. ಈ ಹಂತದಲ್ಲಿ ಪದ ಬದಲಿಸಬೇಡಿ, ಕೊನೆಯನ್ನಷ್ಟೇ ಸರಿಪಡಿಸಿ.

3. “ಅಂತೆ” ತೆಗೆಯಿರಿ. “ನೀರು ಬರಲ್ವಂತೆ” ಎಂಬುದು ಮಾತಿನಲ್ಲಿ ಬಹಳ ಪ್ರಾಮಾಣಿಕ ರೂಪ. ನಾನು ಕೇಳಿದ್ದು, ಕಂಡದ್ದಲ್ಲ ಎಂದು ಒಂದೇ ಪ್ರತ್ಯಯ ಹೇಳಿಬಿಡುತ್ತದೆ. ಸೂಚನೆಯಲ್ಲಿ ಅದು ಅನುಮಾನ ಹುಟ್ಟಿಸುತ್ತದೆ, ಹತ್ತು ಜನ “ಹೌದಾ?” ಎಂದು ಕೇಳುತ್ತಾರೆ. ಅದರ ಬದಲು ಎಲ್ಲಿಂದ ತಿಳಿಯಿತು ಎಂದು ಬರೆಯಿರಿ: “ಗುರುವಾರ ಇಡೀ ದಿನ ನೀರು ಬರುವುದಿಲ್ಲ ಎಂದು ಪಾಲಿಕೆ ತಿಳಿಸಿದೆ.”

4. ಕೊನೆಗೆ ಪದಗಳನ್ನು ಒಂದೊಂದಾಗಿ ನೋಡಿ. ಇದು ನನ್ನ ಊರಿನ ಪದವೋ, ಎಲ್ಲರ ಪದವೋ? ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಪುಣೆಯ ಕನ್ನಡ ಸೂಚನೆಗಳು ಹೆಚ್ಚಾಗಿ ಎಡವುವುದು ಇಲ್ಲಿ.

ಒಂದೇ ಪದ, ಎರಡು ಅರ್ಥ

ಉತ್ತರ ಕರ್ನಾಟಕದಲ್ಲಿ ಗಾಡಿ “ಹಚ್ಚುತ್ತಾರೆ”, ಫೋನ್ “ಹಚ್ಚುತ್ತಾರೆ”, ಮಗುವನ್ನು ಸಾಲಿಗೆ “ಹಚ್ಚುತ್ತಾರೆ”. ಗಾಡಿ ಹಚ್ಚುವುದೆಂದರೆ ನಿಲ್ಲಿಸುವುದು. ದಕ್ಷಿಣದವರಿಗೆ ಹಚ್ಚುವುದೆಂದರೆ ಮೊದಲು ನೆನಪಾಗುವುದು ದೀಪ, ಬೆಂಕಿ. “ಗೇಟಿನ ಮುಂದೆ ಗಾಡಿ ಹಚ್ಚಬೇಡಿ” ಎಂದು ಪ್ರತ್ಯಯವನ್ನೆಲ್ಲ ಸರಿಮಾಡಿ ಬರೆದರೂ ಮೈಸೂರಿನವರು ಒಂದು ಕ್ಷಣ ಬೆಚ್ಚಬೇಕು. “ನಿಲ್ಲಿಸಬೇಡಿ” ಎಂದರೆ ಯಾರಿಗೂ ತೊಡಕಿಲ್ಲ.

ಗಣಪತಿ ಹಬ್ಬ ಬಂತೆಂದರೆ ಉತ್ತರದವರು “ಪಟ್ಟಿ” ಎತ್ತುತ್ತಾರೆ. ಮರಾಠಿಗರ “ವರ್ಗಣಿ” ಅದೇ. “ಪಟ್ಟಿ ಕೊಡದವರು ಬೇಗ ಕೊಡಿ” ಎಂದು ಬರೆದರೆ ಬೆಂಗಳೂರಿನವರು ಯಾವ ಪಟ್ಟಿ, ಹೆಸರಿನ ಪಟ್ಟಿಯೇ ಎಂದು ಕೇಳುವುದು ಸಹಜ. “ವಂತಿಗೆ” ಎಂಬ ಬರಹದ ಪದವಿದೆ. ಅದೂ ಕೆಲವರಿಗೆ ದೂರವೆನಿಸಿದರೆ “ಹಬ್ಬದ ಹಣ” ಎಂದರೆ ಸಾಕು.

ದಕ್ಷಿಣದವರ ಪದಗಳೂ ನಿರಪಾಯಕಾರಿಯಲ್ಲ. ಸಿನಿಮಾ, ಟಿವಿಯಿಂದ ಬೆಂಗಳೂರಿನ ಮಾತು ಎಲ್ಲರಿಗೂ ಗೊತ್ತು ಎಂಬ ನಂಬಿಕೆ ಅವರಲ್ಲಿ ಬಲವಾಗಿರುವುದರಿಂದ ಅವರೇ ಹೆಚ್ಚು ಎಚ್ಚರವಾಗಿರಬೇಕು. “ಚಪ್ಪಲಿ ಆಚೆ ಬಿಡಿ” ಎಂಬಲ್ಲಿ “ಆಚೆ” ಎಂದರೆ ಬೆಂಗಳೂರಿನಲ್ಲಿ ಹೊರಗೆ. ಬೇರೆ ಕಡೆ ಅದು ಆ ಬದಿಗೆ, ಅತ್ತ ಎಂಬ ಅರ್ಥ. ಬಾಗಿಲಿನ ಹೊರಗೋ, ಕಟ್ಟೆಯ ಆ ಬದಿಗೋ? “ಹೊರಗೆ ಬಿಡಿ” ಎಂದರೆ ಮುಗಿಯಿತು.

ವಾರದ ಹೆಸರಂತೂ ಊರಿಗೊಂದು. ದಕ್ಷಿಣದಲ್ಲಿ ಭಾನುವಾರ, ಕರಾವಳಿಯಲ್ಲಿ ಆದಿತ್ಯವಾರ, ಉತ್ತರದಲ್ಲಿ ಐತವಾರ ಅಥವಾ ರವಿವಾರ. ಹಳೇ ಮೈಸೂರಿನ “ಬೇಸ್ತವಾರ” ಗುರುವಾರವೆಂದು ಹೊಸ ಹುಡುಗರಿಗೆ ತಿಳಿಯದು. ಪುಣೆಯಲ್ಲಿ ಮರಾಠಿಯ ಕಾರಣದಿಂದ ರವಿವಾರ ಎಲ್ಲರ ಕಿವಿಗೂ ಬಿದ್ದ ಪದ, ಕನ್ನಡ ಬರಹದಲ್ಲೂ ಇರುವಂಥದ್ದು. ಇಲ್ಲಿ ಬರೆಯುವಾಗ ಭಾನುವಾರಕ್ಕಿಂತ ಅದೇ ಮೇಲು. ಆದರೆ ಯಾವ ಹೆಸರು ಬರೆದರೂ ಜೊತೆಗೆ ತಾರೀಖು ಇರಲೇಬೇಕು. “ಬರುವ ರವಿವಾರ” ಎಂದು ಶುಕ್ರವಾರ ಬರೆದದ್ದನ್ನು ಸೋಮವಾರ ಓದಿದವರಿಗೆ ಅದು ಬೇರೆ ರವಿವಾರ.

ಹೊತ್ತಿನ ವಿಷಯವೂ ಹೀಗೆಯೇ. ಉತ್ತರದವರ “ಮುಂಜಾನೆ” ಹತ್ತು ಗಂಟೆಗೂ ಸಲ್ಲುತ್ತದೆ, ದಕ್ಷಿಣದವರ “ಮುಂಜಾನೆ” ಕೋಳಿ ಕೂಗುವ ಹೊತ್ತು. “ಸಾಡೇ ಹತ್ತು”, “ಪೌಣೆ ಹನ್ನೊಂದು” ಎಂಬ ಲೆಕ್ಕ ಮರಾಠಿ ಕಲಿತವರಿಗೆ ಸರಾಗ, ಕರಾವಳಿಯಿಂದ ನಿನ್ನೆ ಬಂದವರಿಗಲ್ಲ. “ಬೆಳಗ್ಗೆ 10.30” ಎಂದು ಅಂಕಿಯಲ್ಲೇ ಬರೆಯಿರಿ. ಕನ್ನಡದ ಅಂಕಿಗಳ ಮೇಲೆ ಎಷ್ಟೇ ಪ್ರೀತಿಯಿದ್ದರೂ, ದೇವನಾಗರಿ ಅಂಕಿ ಕಲಿತ ಮಕ್ಕಳಿರುವ ಊರಿನಲ್ಲಿ ಸಮಯಕ್ಕೂ ಹಣಕ್ಕೂ ಅವುಗಳನ್ನು ಬಳಸದಿರುವುದು ಒಳ್ಳೆಯದು.

ಮರಾಠಿಯಿಂದ ನುಸುಳುವ ಪದಗಳಲ್ಲಿ ಎರಡನ್ನು ಗಮನಿಸಬೇಕು. ಸೊಸೈಟಿಯ ಮರಾಠಿ ಸೂಚನೆಗಳು “ಸಭಾಸದ”ರನ್ನು ಉದ್ದೇಶಿಸಿ ಶುರುವಾಗುತ್ತವೆ. ಕನ್ನಡದಲ್ಲಿ ಅವರು “ಸದಸ್ಯರು”. ಸಭಾಸದರೆಂದರೆ ರಾಜಸಭೆಯ ನೆನಪು ಬರುತ್ತದೆ. “ಪರವಾನಗಿ” ಮರಾಠಿಯಲ್ಲಿ ಯಾವುದೇ ಒಪ್ಪಿಗೆ. ದಕ್ಷಿಣದ ಕನ್ನಡಿಗರಿಗೆ ಅದು ಸರ್ಕಾರ ಕೊಡುವ ಲೈಸೆನ್ಸು. “ಕೇಳಿ ತೆಗೆದುಕೊಳ್ಳಿ” ಎನ್ನುವ ಕಡೆ “ಪರವಾನಗಿ ಪಡೆಯಿರಿ” ಎಂದರೆ ಜನ ಗಾಬರಿಯಾಗುತ್ತಾರೆ.

ಎಚ್ಚರ: ಪ್ರತ್ಯಯ ಅರ್ಥವನ್ನೇ ತಿರುಗಿಸುವ ಕಡೆ

ಪದ ಬೇರೆಯಾದರೆ ಓದುವವರು ಕೇಳುತ್ತಾರೆ. ಪ್ರತ್ಯಯ ಮೋಸ ಮಾಡಿದರೆ ತಪ್ಪು ತಿಳಿದುಕೊಂಡಿದ್ದೇವೆ ಎಂಬುದೇ ಅವರಿಗೆ ಗೊತ್ತಾಗುವುದಿಲ್ಲ.

“ಊಟಕ್ಕೆ ಮಕ್ಕಳು ಬರಂಗಿಲ್ಲ.” ಉತ್ತರ ಕರ್ನಾಟಕದಲ್ಲಿ ಇದು ಸಾದಾ ನಿಷೇಧರೂಪ: ಮಕ್ಕಳು ಬರುವುದಿಲ್ಲ. ದಕ್ಷಿಣದಲ್ಲಿ “ಬರಂಗಿಲ್ಲ” ಎಂದರೆ “ಬರುವ ಹಾಗಿಲ್ಲ”, ಅಂದರೆ ಬರಬಾರದು. ಒಬ್ಬರಿಗೆ ಮಾಹಿತಿ, ಇನ್ನೊಬ್ಬರಿಗೆ ಕಟ್ಟಪ್ಪಣೆ. ಸಿಟ್ಟು, ಮುನಿಸು ಹುಟ್ಟಿಸಲು ಇಷ್ಟು ಸಾಕು. ಬರಹದಲ್ಲಿ “ಬರುವುದಿಲ್ಲ” ಮತ್ತು “ಬರಬಾರದು” ಎರಡೂ ಬೇರೆಬೇರೆಯಾಗಿ ಇವೆ. ಯಾವುದು ನಿಮ್ಮ ಅರ್ಥವೋ ಅದನ್ನು ಪೂರ್ತಿ ಬರೆಯಿರಿ.

“ಅಡುಗೆಯವರು ಬಂದಾರ” ಎಂದು ಧಾರವಾಡದವರು ಬರೆದರೆ ಅಡುಗೆಯವರು ಆಗಲೇ ಬಂದಿದ್ದಾರೆ ಎಂದರ್ಥ. ಬರಹದ ಕನ್ನಡದಲ್ಲಿ ಇದಕ್ಕೆ ತೀರ ಹತ್ತಿರವಿರುವ “ಬಂದಾರು” ಎಂಬ ರೂಪಕ್ಕೆ ಬರಬಹುದು ಎಂಬ ಅರ್ಥ. ಒಂದು ಉಕಾರದ ಅಂತರದಲ್ಲಿ ಬಂದಾಯಿತು ಎಂಬುದು ಬಂದರೂ ಬರಬಹುದು ಎಂದಾಗುತ್ತದೆ. “ಬಂದಿದ್ದಾರೆ” ಎಂದು ಬರೆದರೆ ಯಾವ ಸಂದೇಹವೂ ಇಲ್ಲ.

ಮೂರನೆಯದು ಮಳೆಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯ ಯಾವ ಕಾರ್ಯಕ್ರಮದ ಸೂಚನೆಯಲ್ಲೂ ಮಳೆಯ ಮಾತು ಇರುತ್ತದೆ. “ಮಳೆ ಬಂದ್ರು ಪ್ರೋಗ್ರಾಂ ಇರುತ್ತೆ” ಎಂದು ಅವಸರದಲ್ಲಿ ಬರೆದವರ ಮನಸ್ಸಿನಲ್ಲಿರುವುದು “ಬಂದರೂ”. “ಬಂದರು” ಬೇರೆ, “ಬಂದರೂ” ಬೇರೆ, “ಬಂದರೆ” ಇನ್ನೂ ಬೇರೆ. ಮಾತಿನಲ್ಲಿ ಆ ದೀರ್ಘವನ್ನು ದನಿ ಎಳೆದು ತೋರಿಸುತ್ತದೆ, ಬರಹದಲ್ಲಿ ಅದಕ್ಕಿರುವುದು ದೀರ್ಘದ ಚಿಹ್ನೆ ಮಾತ್ರ.

ದೀರ್ಘದ ಸಮಸ್ಯೆ ಮರಾಠಿ ಶಾಲೆಯಲ್ಲಿ ಓದಿದವರಿಗೆ ಇನ್ನೊಂದು ಬಗೆಯಲ್ಲಿ ಕಾಡುತ್ತದೆ. ಮರಾಠಿ ಬರೆಯುವ ದೇವನಾಗರಿಯಲ್ಲಿ ಎಕಾರಕ್ಕೆ ಒಂದೇ ಅಕ್ಷರ, ಒಕಾರಕ್ಕೆ ಒಂದೇ ಅಕ್ಷರ. ಕನ್ನಡದಲ್ಲಿ ಎ ಬೇರೆ, ಏ ಬೇರೆ. ಒ ಬೇರೆ, ಓ ಬೇರೆ. ಹೀಗಾಗಿ ಅವರ ಬರಹದಲ್ಲಿ “ಬೇಕು” ಎಂಬುದು “ಬೆಕು” ಆಗುತ್ತದೆ, “ಕೊಡಿ” ಎಂಬುದು “ಕೋಡಿ”. ಇದನ್ನು ಅಜಾಗರೂಕತೆ ಎಂದು ಬೈಯುವುದು ಅನ್ಯಾಯ. ಕಲಿತ ಲಿಪಿಯಲ್ಲಿ ಆ ಭೇದವೇ ಇಲ್ಲ. ಗುಂಪಿನಲ್ಲಿ ಅಂಥವರು ಸೂಚನೆ ಬರೆದಾಗ ಬೇರೊಬ್ಬರು ಈ ನಾಲ್ಕು ಸ್ವರಗಳನ್ನಷ್ಟೇ ನೋಡಿಕೊಟ್ಟರೆ ಹೆಚ್ಚಿನ ತಪ್ಪು ಕಳೆಯುತ್ತದೆ.

ಒಂದು ಸೂಚನೆ, ಮೂರು ಕರಡು

ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಕರೆಯುವ ಸೂಚನೆಯನ್ನು ತೆಗೆದುಕೊಳ್ಳೋಣ. ಬಾಯಿಗೆ ಬಂದಂತೆ ಬರೆದ ಮೊದಲ ಕರಡು ಹೀಗಿದೆ:

“ಎಲ್ಲಾರಿಗೂ ನಮಸ್ಕಾರ್ರಿ. ಬರೂ ಐತವಾರ ನಮ್ಮ ರಾಜ್ಯೋತ್ಸವ ಐತಿ. ಮುಂಜಾನೆ ಸಾಡೇ ಹತ್ತಕ್ಕ ಚಾಲೂ ಆಗ್ತೈತಿ. ಪಟ್ಟಿ ಕೊಡದವರು ಲಗೂನ ಕೊಟ್ಬಿಡ್ರಿ. ಊಟ ಐತಿ, ಎಷ್ಟ ಮಂದಿ ಬರ್ತೀರಿ ಹೇಳ್ರಿ. ಗೇಟಿನ ಮುಂದ ಗಾಡಿ ಹಚ್ಚಬ್ಯಾಡ್ರಿ.”

ಇದರಲ್ಲಿ ಜೀವವಿದೆ. ಕರೆಯುವವರ ದನಿ ಕೇಳುತ್ತದೆ, ಕ್ರಮವೂ ಸರಿಯಾಗಿದೆ. ಬಾಗಲಕೋಟೆ, ವಿಜಯಪುರದವರೇ ಇರುವ ಗುಂಪಾಗಿದ್ದರೆ ಒಂದಕ್ಷರವನ್ನೂ ಬದಲಿಸಬೇಕಾಗಿರಲಿಲ್ಲ. ಮಿಶ್ರ ಗುಂಪಿನಲ್ಲಿ ಮಾತ್ರ ಐತವಾರ, ಪಟ್ಟಿ, ಹಚ್ಚಬ್ಯಾಡ್ರಿ ತೊಡಕಾಗುತ್ತವೆ. ಜಾಗ ಬಿಟ್ಟುಹೋಗಿದೆ, ತಾರೀಖು ಇಲ್ಲ. ಮಾತಿನಲ್ಲಾದರೆ ಯಾರಾದರೂ ಅಲ್ಲೇ ಕೇಳಿ ತಿಳಿದುಕೊಳ್ಳುತ್ತಿದ್ದರು. ಮಾತಿನಂತೆ ಬರೆದವರು ಹೆಚ್ಚಾಗಿ ಮರೆಯುವುದು ಇಂಥ ವಿವರಗಳನ್ನೇ.

ಇದನ್ನು ಯಾರೋ “ಶುದ್ಧ” ಕನ್ನಡಕ್ಕೆ ತಂದರು:

“ಈ ಮೂಲಕ ಸಮಸ್ತ ಕನ್ನಡ ಬಾಂಧವರಿಗೆ ತಿಳಿಯಪಡಿಸುವುದೇನೆಂದರೆ, ದಿನಾಂಕ 8ರಂದು ರಾಜ್ಯೋತ್ಸವ ಸಮಾರಂಭವನ್ನು ಹಮ್ಮಿಕೊಳ್ಳಲಾಗಿದ್ದು, ಸದರಿ ಸಮಾರಂಭಕ್ಕೆ ತಾವುಗಳು ಸಕುಟುಂಬ ಸಮೇತರಾಗಿ ಆಗಮಿಸಿ ಯಶಸ್ವಿಗೊಳಿಸಬೇಕಾಗಿ ವಿನಂತಿ. ವಂತಿಗೆ ಪಾವತಿಸದವರು ಕೂಡಲೇ ಪಾವತಿಸತಕ್ಕದ್ದು. ಪ್ರವೇಶದ್ವಾರದ ಮುಂಭಾಗದಲ್ಲಿ ವಾಹನಗಳನ್ನು ನಿಲುಗಡೆಗೊಳಿಸಕೂಡದು.”

ಮೊದಲನೆಯದಕ್ಕಿಂತ ಇದು ಹೆಚ್ಚು ಕೆಟ್ಟದ್ದು. ಸಮಯ ಕಾಣೆಯಾಗಿದೆ, ಊಟ ಕಾಣೆಯಾಗಿದೆ, ತಿಂಗಳೂ ಇಲ್ಲ. “ಸಕುಟುಂಬ” ಎಂದ ಮೇಲೆ “ಸಮೇತ” ಬೇಕಿಲ್ಲ, “ತಾವು” ಎಂದ ಮೇಲೆ “ಗಳು” ಬೇಕಿಲ್ಲ. ಮೊದಲ ವಾಕ್ಯದಲ್ಲಿ ತಾವು, ವಿನಂತಿ ಎಂದು ಬಗ್ಗಿದ ದನಿ ಮುಂದಿನ ಸಾಲಿಗೇ ತಹಶೀಲ್ದಾರ್ ಕಚೇರಿಯ ಆದೇಶದಂತಾಗಿದೆ. “ತಕ್ಕದ್ದು”, “ಕೂಡದು” ಎಂಬವು ಕಾನೂನಿನ, ಆದೇಶದ ರೂಪಗಳು. ಹಬ್ಬಕ್ಕೆ ಕರೆಯುವ ಕಡೆ ಅವಕ್ಕೆ ಜಾಗವಿಲ್ಲ. ಮುಂಭಾಗದಲ್ಲಿ ನಿಲುಗಡೆಗೊಳಿಸುವುದು ಎಂದರೆ ಮುಂದೆ ನಿಲ್ಲಿಸುವುದೇ.

ಮೂರನೆಯ ಕರಡು:

“ಕನ್ನಡ ರಾಜ್ಯೋತ್ಸವ: ನವೆಂಬರ್ 8, ರವಿವಾರ, ಬೆಳಗ್ಗೆ 10.30ಕ್ಕೆ, ಕ್ಲಬ್‌ಹೌಸಿನ ಕೆಳಗಿನ ಹಾಲ್‌ನಲ್ಲಿ. ಎಲ್ಲರೂ ಮನೆಯವರೊಂದಿಗೆ ಬನ್ನಿ. ಮಧ್ಯಾಹ್ನ ಊಟ ಇದೆ. ಮನೆಯಿಂದ ಎಷ್ಟು ಜನ ಬರುತ್ತೀರಿ ಎಂದು ನವೆಂಬರ್ 5ರ ರಾತ್ರಿಯೊಳಗೆ ತಿಳಿಸಿ. ಹಬ್ಬದ ಹಣ ಒಂದು ಮನೆಗೆ 500 ರೂಪಾಯಿ. ಇನ್ನೂ ಕೊಡದವರು ಅಂದು ಬಾಗಿಲಲ್ಲೇ ಕೊಡಬಹುದು. ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ, ಹಿಂದಿನ ಮೈದಾನದಲ್ಲಿ ಜಾಗ ಇದೆ.”

ಇಲ್ಲಿರುವ ಪದಗಳೆಲ್ಲ ಮನೆಯಲ್ಲಿ ಓಡಾಡುವ ಪದಗಳೇ. “ಬನ್ನಿ”, “ಬರುತ್ತೀರಿ”, “ತಿಳಿಸಿ”, “ನಿಲ್ಲಿಸಬೇಡಿ” ಎಂಬ ಕ್ರಿಯಾರೂಪಗಳು ಬರಹದವು. ಉತ್ತರದವರು ಅವನ್ನು ಓದುವಾಗ ಬರ್ರಿ, ತಿಳಸ್ರಿ ಎಂದುಕೊಳ್ಳುತ್ತಾರೆ. ಕಾರ್ಯಕ್ರಮ, ದಿನ, ಹೊತ್ತು, ಜಾಗ ಮೊದಲ ಸಾಲಿನಲ್ಲೇ ಮುಗಿದಿವೆ. ಬೇಡಿ ಎಂದದ್ದರ ಜೊತೆಗೆ ಎಲ್ಲಿ ನಿಲ್ಲಿಸಬಹುದು ಎಂಬುದೂ ಇರುವುದರಿಂದ ಆ ಸಾಲು ಒರಟಾಗಲಿಲ್ಲ. ಪುಣೆಯ ಮನೆಗಳ ಬಾಗಿಲಲ್ಲಿ ಕಾಣುವ “ಪುಣೇರಿ ಪಾಟ್ಯಾ” ಎಂಬ ಹೆಸರಾಂತ ಮರಾಠಿ ಫಲಕಗಳ ಚುರುಕು ಮೆಚ್ಚುವಂಥದ್ದೇ, ಆದರೆ ಆ ಕುಟುಕು ಕನ್ನಡದವರನ್ನು ಕರೆಯುವ ಓಲೆಗೆ ಬೇಡ.

ಸಾಮಾನ್ಯ ತಪ್ಪುಗಳು

ಅರ್ಧ ಬರಹ, ಅರ್ಧ ಮಾತು. “ಕಾರ್ಯಕ್ರಮವು ಜರುಗಲಿದೆ, ಎಲ್ರೂ ಬಂದ್ಬಿಡಿ” ಎಂಬಂಥ ವಾಕ್ಯದಲ್ಲಿ ಇಬ್ಬರು ಬರೆದಂತೆ ಕಾಣುತ್ತದೆ. ಕೊನೆಯ ಪ್ರತ್ಯಯಗಳನ್ನಷ್ಟೇ ಮೇಲಿನಿಂದ ಕೆಳಗೆ ಒಮ್ಮೆ ಓದಿದರೆ ಇದು ಸಿಕ್ಕಿಬೀಳುತ್ತದೆ.

ಎಲ್ಲ ಕಡೆ “ಅನ್ನು” ಹಚ್ಚುವುದು. ಬರಹ ಎಂದರೆ ದ್ವಿತೀಯಾ ವಿಭಕ್ತಿ ಇರಲೇಬೇಕು ಎಂದು ಬಹಳ ಜನ ತಿಳಿದಿದ್ದಾರೆ. ವಸ್ತುಗಳ ವಿಷಯದಲ್ಲಿ ಹಾಗಿಲ್ಲ. “ಚಪ್ಪಲಿ ಹೊರಗೆ ಬಿಡಿ”, “ಕೂಪನ್ ತನ್ನಿ” ಎಂಬವು ಬರಹದಲ್ಲೂ ಸರಿಯಾದ ವಾಕ್ಯಗಳು. ಮನುಷ್ಯರ ವಿಷಯದಲ್ಲಿ ಮಾತ್ರ ಅದು ಬೇಕು: “ಮಕ್ಕಳನ್ನು ಕರೆದುಕೊಂಡು ಬನ್ನಿ.”

ಶುದ್ಧ ಮಾಡಲು ಹೋಗಿ ಕೆಡಿಸುವುದು. ತಮ್ಮ ಮಾತಿನಲ್ಲಿ ಹಕಾರ ಬೀಳುತ್ತದೆ, ಮಹಾಪ್ರಾಣ ಇಲ್ಲ ಎಂಬ ಅಳುಕಿನಿಂದ ಬೇಡದ ಕಡೆಯೂ ಅವನ್ನು ಸೇರಿಸುವವರಿದ್ದಾರೆ: “ಧಯವಿಟ್ಟು”, “ಹಾಗಮಿಸಿ”. “ಆದರದ ಸ್ವಾಗತ” ಎಂಬಲ್ಲಿ ಹೀಗೆ ಒಂದು ಹಕಾರ ಸೇರಿದರೆ ಬ್ಯಾನರನ್ನೇ ಇಳಿಸಬೇಕಾಗುತ್ತದೆ. ಅನುಮಾನ ಬಂದ ಪದವನ್ನು ಬಿಟ್ಟು ಗೊತ್ತಿರುವ ಪದ ಹಾಕುವುದು ಸುಲಭದ ದಾರಿ. “ಆಗಮಿಸಿ” ಬೇಡ, “ಬನ್ನಿ” ಸಾಕು.

ಮಾತಿನಂತೆಯೇ ಬರೆಯಬೇಕಾದಾಗ

ಒಬ್ಬರಿಗೆ ಕಳಿಸುವ ಸಂದೇಶಕ್ಕೆ ಈ ನಿಯಮಗಳಿಲ್ಲ. ತಂಗಿಗೆ “ಮುಟ್ಟಿದ ಮ್ಯಾಲೆ ಫೋನ್ ಹಚ್ಚು” ಎಂದು ಬರೆಯುವ ಅಣ್ಣ “ತಲುಪಿದ ನಂತರ ದೂರವಾಣಿ ಕರೆ ಮಾಡು” ಎಂದರೆ ಅವಳಿಗೆ ಏನೋ ಆಗಿದೆ ಎನಿಸುತ್ತದೆ. ಮನೆಯವರ ನಡುವೆ ಬರಹದ ಪ್ರತ್ಯಯ ದೂರವನ್ನು ಸೂಚಿಸುತ್ತದೆ.

ಸಾವಿನ ಸುದ್ದಿ ಇವೆರಡರ ನಡುವಿನದು. ಅದು ಗುಂಪಿಗೆ ಹೋಗುತ್ತದೆ, ಆದರೆ ಕಚೇರಿಯ ದನಿ ಅಲ್ಲಿ ಸಲ್ಲದು. “ದೈವಾಧೀನರಾದರೆಂದು ತಿಳಿಸಲು ವಿಷಾದಿಸುತ್ತೇವೆ” ಎಂಬುದು ಪತ್ರಿಕೆಯ ಕಟ್ಟಿನೊಳಗಿನ ಮಾತು. “ಹೋಗಿಬಿಟ್ಟರು” ಎಂದಷ್ಟೇ ಬರೆದರೆ ಊರಿಗೆ ಹೋದರೆಂದು ತಿಳಿದು “ಯಾವಾಗ ಬರ್ತಾರೆ?” ಎಂದು ಕೇಳಿದವರು ಆಮೇಲೆ ನೊಂದುಕೊಳ್ಳುತ್ತಾರೆ. “ತೀರಿಕೊಂಡರು” ಎಂಬುದು ಎಲ್ಲ ಕಡೆಯವರಿಗೂ ತಿಳಿಯುವ, ಮರ್ಯಾದೆಯ ಪದ. “ನಮ್ಮ ಕಟ್ಟಡದ ಹಿರಿಯರು ಇಂದು ಬೆಳಗ್ಗೆ ತೀರಿಕೊಂಡರು. ಅಂತ್ಯಕ್ರಿಯೆ ಸಂಜೆ 5ಕ್ಕೆ ನವಿ ಪೇಠದ ವೈಕುಂಠ ಸ್ಮಶಾನದಲ್ಲಿ. ಮನೆಯಿಂದ 4ಕ್ಕೆ ಹೊರಡುತ್ತಾರೆ.” ಹೆಸರು, ಮನೆಯ ನಂಬರು ಸೇರಿಸಿದರೆ ಇದಕ್ಕಿಂತ ಹೆಚ್ಚು ಬೇಕಾಗಿಲ್ಲ.

ಕನ್ನಡ ಓದಲು ಬಾರದವರಿಗೆ

ಮಾತಾಡಲು ಬಂದು ಓದಲು ಬಾರದವರು ಪುಣೆಯಲ್ಲಿ ಬಹಳ. ಅವರಿಗಾಗಿ ಕನ್ನಡವನ್ನು ದೇವನಾಗರಿಯಲ್ಲಿ ಬರೆದು ಕಳಿಸುವ ರೂಢಿ ಕೆಲವೆಡೆ ಇದೆ. ಆಗ ಎ, ಏ, ಒ, ಓ ಭೇದ ಅಳಿಸಿಹೋಗುವುದರಿಂದ ವಾಕ್ಯಗಳನ್ನು ಇನ್ನೂ ಚಿಕ್ಕದು ಮಾಡಿ, ದಿನ, ಹೊತ್ತು, ಜಾಗವನ್ನು ಬೇರೆ ಸಾಲಿನಲ್ಲಿ ಕೊಡಬೇಕು.

ಇದಕ್ಕಿಂತ ಚೆನ್ನಾದ ಉಪಾಯ ದನಿ ಮುದ್ರಿಸಿ ಕಳಿಸುವುದು. ಬರೆದ ಸೂಚನೆಯನ್ನು ಮುಂದಿಟ್ಟುಕೊಂಡು, ಆದರೆ ಅದನ್ನು ಓದದೆ, ತಮ್ಮ ಊರಿನ ಮಾತಿನಲ್ಲಿ ಹೇಳಬೇಕು. ಕಲಬುರಗಿಯವರಿಗೆ ಕಲಬುರಗಿಯವರೊಬ್ಬರು, ಕುಂದಾಪುರದವರಿಗೆ ಅಲ್ಲಿಯವರೊಬ್ಬರು ಹೇಳಿದರೆ ಇನ್ನೂ ಒಳ್ಳೆಯದು. ತಾರೀಖು, ಹೊತ್ತನ್ನು ಎರಡು ಸಲ ಹೇಳಿ, ಒಂದು ಸಲ ಮರಾಠಿಯಲ್ಲೂ ಹೇಳಿದರೆ ಮನೆಯ ಮಕ್ಕಳಿಗೂ ತಿಳಿಯುತ್ತದೆ. ಮುದ್ರಿಕೆ ಅರ್ಧ ನಿಮಿಷ ಮೀರದಿರಲಿ. ಅದರ ಕೆಳಗೆ ಬರೆದ ಸೂಚನೆಯೂ ಇರಬೇಕು, ಯಾಕೆಂದರೆ ನಾಲ್ಕು ದಿನ ಬಿಟ್ಟು “ಎಷ್ಟು ಗಂಟೆಗೆ?” ಎಂದು ಹುಡುಕುವವರು ಹಳೆಯ ದನಿಯನ್ನು ಮತ್ತೆ ಕೇಳುವುದಿಲ್ಲ, ಬರಹವನ್ನೇ ನೋಡುತ್ತಾರೆ.